ಚಳಿ ರಾತ್ರಿಯ ಮರುದಿನ: ಕರು, ಕುರಿಮರಿಗಳ ನ್ಯುಮೋನಿಯಾವನ್ನು ಕೆಮ್ಮಿಗೆ ಮೊದಲೇ ಹಿಡಿಯುವುದು

ದೂರು ಏನು

ಡಿಸೆಂಬರ್, ಜನವರಿಯಲ್ಲಿ ಕೊಡಗಿನ ಕೊಟ್ಟಿಗೆಗಳಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ. ನಿನ್ನೆ ಸಂಜೆ ಕುಣಿದಾಡಿದ್ದ ಕರು ಇವತ್ತು ಬೆಳಿಗ್ಗೆ ಹಾಲನ್ನು ಅರ್ಧಕ್ಕೇ ಬಿಟ್ಟಿತು. ಕೆಮ್ಮಿಲ್ಲ, ಸಿಂಬಳವಿಲ್ಲ, ಸಗಣಿ ಸರಿಯಾಗಿದೆ. "ತಂಡಿ ಆಗಿರಬೇಕು, ಬಿಸಿಲು ಬಂದರೆ ಸರಿಹೋಗುತ್ತೆ" ಎಂದು ಮನೆಯವರು ಕಾಫಿ ಕುಯ್ಲಿಗೆ ಹೋಗುತ್ತಾರೆ. ಮೂರನೇ ದಿನ ಕರು ಕತ್ತು ಚಾಚಿ ಏದುಸಿರು ಬಿಡುತ್ತಾ ನಿಂತಿರುತ್ತದೆ.

ಆ ಮೂರು ದಿನಗಳಲ್ಲಿ ಮೊದಲನೆಯದೇ ಮುಖ್ಯ. ನ್ಯುಮೋನಿಯಾ ಸಾಮಾನ್ಯವಾಗಿ ಶ್ವಾಸಕೋಶದ ಮುಂಭಾಗದ ಕೆಳತುದಿಯಲ್ಲಿ ಶುರುವಾಗುತ್ತದೆ. ಅಲ್ಲಿ ಕೀವು ತುಂಬಿ ಗಟ್ಟಿಯಾದ ಭಾಗ ಮತ್ತೆ ಪೂರ್ತಿ ಮೊದಲಿನಂತಾಗುವುದು ಅಪರೂಪ. ಕೆಮ್ಮು ಮತ್ತು ಹಳದಿ ಸಿಂಬಳ ಕಾಣುವ ಹೊತ್ತಿಗೆ ಹಲವು ಸಲ ಆ ಹಾನಿ ಆಗಿಬಿಟ್ಟಿರುತ್ತದೆ. ಜ್ವರ ಮತ್ತು ಉಸಿರಿನ ವೇಗ ಅದಕ್ಕೂ ಮೊದಲೇ ಬದಲಾಗುತ್ತವೆ. ಹಾಗಾಗಿ ಕಿವಿಗೆ ಕೇಳುವ ಕೆಮ್ಮಿಗೆ ಕಾಯದೆ ಎಣಿಸಿ, ಅಳೆದು ನೋಡುವುದೇ ಇಲ್ಲಿನ ದಾರಿ. ಬೇಕಾಗುವುದು ಔಷಧಿ ಅಂಗಡಿಯ ಒಂದು ಡಿಜಿಟಲ್ ಥರ್ಮಾಮೀಟರ್ ಮತ್ತು ಸೆಕೆಂಡು ತೋರಿಸುವ ಒಂದು ಗಡಿಯಾರ.

ಮೊದಲು ಉಸಿರು, ಆಮೇಲೆ ಜ್ವರ

ಈ ಕ್ರಮ ತಪ್ಪಬಾರದು. ಕರುವನ್ನು ಎಬ್ಬಿಸಿ ಹಿಡಿದು ಥರ್ಮಾಮೀಟರ್ ಇಟ್ಟ ಮೇಲೆ ಉಸಿರು ಎಣಿಸಿದರೆ ಗಾಬರಿಯ ಉಸಿರನ್ನೇ ಎಣಿಸಿದಂತಾಗುತ್ತದೆ. ಬೆಳಿಗ್ಗೆ ಹಾಲು ತರುವ ಮುಂಚೆ, ಕರು ಇನ್ನೂ ಮಲಗಿರುವಾಗಲೇ, ನಾಲ್ಕು ಮಾರು ದೂರದಲ್ಲಿ ನಿಂತು ಅಳ್ಳೆ ನೋಡಿ. ಅಳ್ಳೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಒಂದು ತಿಂಗಳ ಕರು ತಂಪು ಹೊತ್ತಿನಲ್ಲಿ ಆರಾಮಾಗಿ ಮಲಗಿದ್ದರೆ ನಿಮಿಷಕ್ಕೆ 30ರ ಆಸುಪಾಸು ಉಸಿರಾಡುತ್ತದೆ, 40ರವರೆಗೂ ಚಿಂತೆಯಿಲ್ಲ. 50 ದಾಟಿದರೆ ಅನುಮಾನಪಡಿ. ಮಧ್ಯಾಹ್ನದ ಬಿಸಿಲಿಗೆ ನಿಂತ ಕರುವೂ 60 ಉಸಿರಾಡಬಹುದು. ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಬೆಳಗಿನ ಮಂಜು ಕರಗುವ ಮುಂಚಿನ ಲೆಕ್ಕವೇ ನಂಬಿಕೆಗೆ ಅರ್ಹ.

ಎಣಿಕೆಯ ಜೊತೆಗೆ ಉಸಿರಾಟದ ಬಗೆಯನ್ನೂ ಗಮನಿಸಿ. ಆರೋಗ್ಯದ ಕರುವಿನಲ್ಲಿ ಎದೆ ಮತ್ತು ಹೊಟ್ಟೆ ಒಟ್ಟಿಗೆ ಮೆಲ್ಲಗೆ ಆಡುತ್ತವೆ. ಕಾಯಿಲೆಯ ಕರುವಿನಲ್ಲಿ ಉಸಿರು ಹೊರಬಿಡುವಾಗ ಹೊಟ್ಟೆ ಎಳೆದು ಹಿಂಡಿದಂತೆ ಕಾಣುತ್ತದೆ. ಒಂದು ಕಿವಿ ಜೋತುಬಿದ್ದಿದ್ದರೆ, ಬಂದವರ ಕಡೆ ತಲೆ ತಿರುಗಿಸದಿದ್ದರೆ, ಎದ್ದ ಮೇಲೆ ಮೈ ಮುರಿಯದಿದ್ದರೆ ಅದನ್ನೂ ಮನಸ್ಸಿನಲ್ಲಿಡಿ. ಎದ್ದ ಕೂಡಲೇ ಮೈ ಮುರಿದು ಉಚ್ಚೆ ಹೊಯ್ಯುವುದು ಕರುವಿನ ಆರೋಗ್ಯದ ಒಳ್ಳೆಯ ಗುರುತು.

ಇನ್ನು ಜ್ವರ. ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ, ಗುದದ್ವಾರದೊಳಗೆ ಒಂದೂವರೆ ಇಂಚು ಸೇರಿಸಿ, ಸ್ವಲ್ಪ ವಾರೆಯಾಗಿ ಹಿಡಿದು ಒಳಗೋಡೆಗೆ ತಾಗಿಸಿ. ತುದಿ ಸಗಣಿಯ ನಡುವೆ ಚುಚ್ಚಿಕೊಂಡಿದ್ದರೆ ಒಂದೆರಡು ಡಿಗ್ರಿ ಕಡಿಮೆ ತೋರಿಸುತ್ತದೆ. ಜ್ವರವಿದ್ದ ಕರುವನ್ನು "ನಾರ್ಮಲ್" ಎಂದು ಬಿಟ್ಟುಬಿಡುವುದಕ್ಕೆ ಇದೇ ದೊಡ್ಡ ಕಾರಣ. ಅನುಮಾನವಿದ್ದರೆ ತೆಗೆದು ಒರೆಸಿ ಇನ್ನೊಮ್ಮೆ ಇಡಿ.

ಓದಿದ ಅಂಕಿ ಏನು ಹೇಳುತ್ತದೆ

ಕರುವಿಗೆ 101.5ರಿಂದ 102.8 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿ, ಜೊತೆಗೆ ಇನ್ನೊಂದು ಗುರುತು ಇದ್ದರೆ, ಅಂದರೆ ಉಸಿರು 50ಕ್ಕಿಂತ ಹೆಚ್ಚು, ಹಾಲು ಬಿಟ್ಟಿದೆ, ಕಿವಿ ಜೋತಿದೆ, ಮೂಗು ಸುರಿಯುತ್ತಿದೆ, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ, ಅವತ್ತೇ ಪಶುವೈದ್ಯರಿಗೆ ತೋರಿಸಬೇಕು. 104 ಮುಟ್ಟಿದರೆ ಬೇರೆ ಗುರುತು ಹುಡುಕುತ್ತಾ ಕೂರುವುದು ಬೇಡ. 103ರ ಸುತ್ತ ಇದ್ದು ಮಿಕ್ಕೆಲ್ಲ ಸರಿಯಿದ್ದರೆ ಸಂಜೆ ಮತ್ತೆ ಅಳೆಯಿರಿ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಆಗ ಉತ್ತರ.

ಕುರಿಮರಿಯ ಮೈ ಸಹಜವಾಗಿಯೇ ಬಿಸಿ, 102ರಿಂದ 104. ಕರುವಿನ ಲೆಕ್ಕವನ್ನು ಮರಿಗೆ ಹಚ್ಚಿದರೆ ಆರೋಗ್ಯವಾಗಿರುವ ಮಂದೆಗೆಲ್ಲ ಚುಚ್ಚುಮದ್ದು ಹಾಕಿಸಬೇಕಾಗುತ್ತದೆ. ಮರಿಗೆ 104.5 ದಾಟಿದರೆ ಜ್ವರವೆನ್ನಿ.

ಅಂಕಿ ಕೆಳಗೆ ಬಿದ್ದಿದ್ದರೆ ಅದು ಬೇರೆಯೇ ಕೇಸು. ಹುಟ್ಟಿ ಒಂದೆರಡು ದಿನವಾದ ಕರುವಿಗೋ ಮರಿಗೋ 100ಕ್ಕಿಂತ ಕಡಿಮೆ ಇದ್ದು, ಬಾಯೊಳಗೆ ಬೆರಳಿಟ್ಟರೆ ತಣ್ಣಗಿದ್ದರೆ, ಅದು ಸದ್ಯಕ್ಕೆ ನ್ಯುಮೋನಿಯಾ ಅಲ್ಲ, ಚಳಿ ಹೊಡೆದಿರುವುದು. ಇದಕ್ಕೆ ಮೊದಲು ಕಾವು, ಆಮೇಲೆ ಹಾಲು. ತಣ್ಣಗಾದ ಮರಿಗೆ ಚೀಪುವ, ನುಂಗುವ ಶಕ್ತಿ ಇರುವುದಿಲ್ಲ. ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಮಾರನೇ ದಿನ ನಿಜವಾದ ನ್ಯುಮೋನಿಯಾ ಬರುತ್ತದೆ. ಒಣಬಟ್ಟೆಯಿಂದ ಉಜ್ಜಿ, ಕೈಗೆ ಹದವಾಗಿ ಬಿಸಿ ಎನಿಸುವ ನೀರನ್ನು ಬಾಟಲಿಗೆ ತುಂಬಿ ಗೋಣಿಯಲ್ಲಿ ಸುತ್ತಿ ಪಕ್ಕೆಗಿಡಿ. ಬೆರಳನ್ನು ತಾನಾಗಿ ಚೀಪತೊಡಗಿದ ಮೇಲೆ ಕುಡಿಸಿ. ಅರ್ಧ ಗಂಟೆಯಲ್ಲಿ ಕಾವು ಏರದಿದ್ದರೆ ಗ್ಲೂಕೋಸ್ ಬೇಕಾಗಬಹುದು, ವೈದ್ಯರಿಗೆ ಹೇಳಿ.

ನ್ಯುಮೋನಿಯಾದಂತೆ ಕಾಣುವ ಬೇರೆ ಕಾಯಿಲೆಗಳು

ಏದುಸಿರೆಲ್ಲ ಚಳಿಯಿಂದಲೇ ಬಂದದ್ದಲ್ಲ. ಕಳೆದ ಎರಡು ಮೂರು ದಿನದಲ್ಲಿ ಗೊಟ್ಟದಲ್ಲಿ ಔಷಧಿ, ಎಣ್ಣೆ, ಕಷಾಯ ಏನಾದರೂ ಎರೆದಿದ್ದೀರಾ ಎಂದು ಮನೆಯಲ್ಲಿ ಎಲ್ಲರನ್ನೂ ಕೇಳಿ. ತಲೆಯನ್ನು ಮೇಲೆತ್ತಿ ನಾಲಗೆ ಹಿಡಿದೆಳೆದು ಎರೆದರೆ ದ್ರವ ಗಾಳಿಕೊಳವೆಗೆ ಹೋಗುತ್ತದೆ. ಇಂಥ ಕರುವಿನ ಉಸಿರು ಬೇಗನೆ ಕೆಟ್ಟ ವಾಸನೆ ಬರತೊಡಗುತ್ತದೆ, ಮಾಮೂಲು ಔಷಧಕ್ಕೆ ಜಗ್ಗುವುದೂ ಕಷ್ಟ. ಈ ವಿಷಯ ವೈದ್ಯರಿಂದ ಮುಚ್ಚಿಡಬೇಡಿ. ಔಷಧಿಯ ಆಯ್ಕೆಯೇ ಬದಲಾಗುತ್ತದೆ.

ನಾಲ್ಕಾರು ತಿಂಗಳ ಕರುಗಳು ಗದ್ದೆಬಯಲಿನ ಒದ್ದೆ ಹುಲ್ಲಿನಲ್ಲಿ ಮೇದಿದ್ದು, ಎರಡು ಮೂರು ಕರು ಒಟ್ಟಿಗೆ ಕೆಮ್ಮುತ್ತಿದ್ದು, ಜ್ವರವಿಲ್ಲದೆ ಮೇವು ತಿನ್ನುತ್ತಿದ್ದರೆ ಶ್ವಾಸಕೋಶದ ಜಂತು ಇರಬಹುದು. ತಾಜಾ ಸಗಣಿ ಪರೀಕ್ಷೆ ಮಾಡಿಸಿ. ಮಿಶ್ರತಳಿ ಕರುವಿಗೆ ಉಣ್ಣೆ ಹತ್ತಿದ್ದು, ಭುಜದ ಮುಂದೆ ಗಂಟು ಊದಿಕೊಂಡು, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ ಥೈಲೇರಿಯಾ ಜ್ವರದ ಕಡೆ ಯೋಚಿಸಬೇಕು. ಗಂಟಲು ಊದಿಕೊಂಡು ಗೊರಗೊರ ಸದ್ದಿನೊಂದಿಗೆ ಗಂಟೆಗಳಲ್ಲೇ ಕುಸಿಯುತ್ತಿದ್ದರೆ ಗಳಲೆ ರೋಗ, ಕಾಯಲು ಸಮಯವಿಲ್ಲ. ಕುರಿಮರಿಗಳಲ್ಲಿ ಕಣ್ಣು ಮೂಗು ಸುರಿಯುವುದರ ಜೊತೆಗೆ ಬಾಯೊಳಗೆ ಹುಣ್ಣು, ಭೇದಿ ಇದ್ದು, ಹಲವು ಮರಿಗೆ ಒಟ್ಟಿಗೆ ಬಂದಿದ್ದರೆ ಪಿ.ಪಿ.ಆರ್. ಆಗಿರಬಹುದು. ಆಗ ಒಂದೂ ಕುರಿಯನ್ನು ಸಂತೆಗೆ ಒಯ್ಯದೆ ಇಲಾಖೆಗೆ ತಿಳಿಸಬೇಕು.

ವೈದ್ಯರು ಬರುವವರೆಗೆ

ಕರುವನ್ನು ಬೇರೆ ಕರುಗಳಿಂದ ದೂರ, ಒಣಗಿದ, ಗಾಳಿಯಾಡುವ, ಆದರೆ ನೆಲಮಟ್ಟದಲ್ಲಿ ಗಾಳಿ ಹೊಡೆಯದ ಜಾಗಕ್ಕೆ ತನ್ನಿ. ಎದೆಯ ಮೇಲೆ ಕೂತಂತೆ ಮಲಗಿಸಿ. ಪಕ್ಕಕ್ಕೆ ಚಾಚಿ ಮಲಗಿದರೆ ಕೆಳಗಿನ ಶ್ವಾಸಕೋಶಕ್ಕೆ ಗಾಳಿ ಹೋಗುವುದಿಲ್ಲ. ಹಿಂದೆಮುಂದೆ ಒಂದೊಂದು ಹುಲ್ಲಿನ ಕಟ್ಟು ಒತ್ತರಿಸಿದರೆ ಉರುಳದೆ ಕೂರುತ್ತದೆ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಹಾಲು ನಿಲ್ಲಿಸಬೇಡಿ. "ಕಫ ಹೆಚ್ಚುತ್ತೆ" ಎಂದು ಹಾಲು ಬಿಡಿಸುವ ಪದ್ಧತಿ ಇಲ್ಲಿ ಹಲವು ಮನೆಗಳಲ್ಲಿದೆ, ಅದಕ್ಕೆ ಆಧಾರವಿಲ್ಲ. ಚಳಿಯನ್ನೂ ಜ್ವರವನ್ನೂ ಒಟ್ಟಿಗೆ ಎದುರಿಸುತ್ತಿರುವ ಕರುವಿಗೆ ಹಾಲೇ ಸೌದೆ. ಒಂದೇ ಸಲಕ್ಕೆ ಎರಡು ಲೀಟರ್ ಕುಡಿಯದಿದ್ದರೆ ಅರ್ಧರ್ಧ ಲೀಟರನ್ನು ನಾಲ್ಕು ಸಲ, ಮೈ ಬಿಸಿಯಷ್ಟೇ ಬಿಸಿಮಾಡಿ, ಮೊಲೆಯಿರುವ ಬಾಟಲಿಯಲ್ಲಿ ಕೊಡಿ. ಬಾಟಲಿ ಕರುವಿನ ತಲೆಮಟ್ಟದಲ್ಲಿರಲಿ. ಚೀಪಲಾಗದ ಕರುವಿನ ಬಾಯಿಗೆ ಬಲವಂತವಾಗಿ ಸುರಿಯಬೇಡಿ. ಹಾಲಿನ ನಡುವಿನ ಹೊತ್ತಿನಲ್ಲಿ ಒಂದು ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕರಗಿಸಿ ಉಗುರುಬೆಚ್ಚಗೆ ಕುಡಿಸಿ. ಹಾಲಿಗೇ ಬೆರೆಸುವುದು ಬೇಡ.

ಗೋಣಿಚೀಲದ ಹೊದಿಕೆ ಒಳ್ಳೆಯದೇ, ಒಣಗಿರುವವರೆಗೆ ಮಾತ್ರ. ಬೆಳಿಗ್ಗೆ ಮುಟ್ಟಿ ನೋಡಿ ತೇವವಿದ್ದರೆ ತೆಗೆದು ಬಿಸಿಲಿಗೆ ಹರವಿ, ರಾತ್ರಿಗೆ ಬೇರೆ ಗೋಣಿ ಹಾಕಿ. ಒದ್ದೆ ಗೋಣಿ ಹೊದ್ದ ಕರು ಬರಿಮೈಯ ಕರುವಿಗಿಂತ ಹೆಚ್ಚು ನಡುಗುತ್ತದೆ.

ಬಾಯಿ ತೆರೆದು ಉಸಿರಾಡುವುದು, ಮುಂಗಾಲು ಅಗಲಿಸಿ ಕತ್ತು ಚಾಚಿ ನಿಲ್ಲುವುದು, ಉಸಿರು ಬಿಡುವಾಗ ನರಳುವುದು, ನಾಲಗೆ ನೀಲಿಗಟ್ಟುವುದು, ಏಳಲಾಗದಿರುವುದು ಕಂಡರೆ ಮೇಲಿನ ಯಾವ ಲೆಕ್ಕವೂ ಬೇಡ. ಹತ್ತಿರದ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಕೂಡಲೇ ಕರೆಮಾಡಿ.

ಒಂದು ಕರುವಿನ ನಾಲ್ಕು ದಿನ

ಸೋಮವಾರಪೇಟೆ ಕಡೆಯ ಒಂದು ಮಿಶ್ರತಳಿ ಕರು ಎಂದಿಟ್ಟುಕೊಳ್ಳಿ. ವಯಸ್ಸು ಐದು ವಾರ, ತೂಕ 42 ಕೆ.ಜಿ. ಬೆಳಿಗ್ಗೆ ಆರೂವರೆಗೆ ಎರಡು ಲೀಟರಲ್ಲಿ ಒಂದನ್ನಷ್ಟೇ ಕುಡಿದಿದೆ. ಮಲಗಿದ್ದಾಗ ಎಣಿಸಿದ ಉಸಿರು 58, ಜ್ವರ 103.9. ಮೂಗಿನಲ್ಲಿ ತೆಳು ನೀರು, ಕೆಮ್ಮಿಲ್ಲ. ಜ್ವರದ ಜೊತೆಗೆ ಮೂರು ಗುರುತು ಸಿಕ್ಕಿತು, ಅವತ್ತೇ ಚಿಕಿತ್ಸೆಯಾಗಬೇಕು.

ವೈದ್ಯರು ಕೇಳಿಸಿಕೊಂಡು ನೋಡಿ ದೀರ್ಘಕಾಲಿಕ ಆಕ್ಸಿಟೆಟ್ರಾಸೈಕ್ಲಿನ್ ಆರಿಸಿದರು ಎನ್ನಿ. ಅದರ ಪ್ರಮಾಣ ಕೆ.ಜಿ.ಗೆ 20 ಮಿ.ಗ್ರಾಂ. 42 ಕೆ.ಜಿ.ಗೆ 840 ಮಿ.ಗ್ರಾಂ, ಒಂದು ಮಿ.ಲೀ.ಯಲ್ಲಿ 200 ಮಿ.ಗ್ರಾಂ ಇರುವ ಔಷಧಿಯಾದರೆ 4.2 ಮಿ.ಲೀ., ಕತ್ತಿನ ಸ್ನಾಯುವಿನೊಳಗೆ ಆಳವಾಗಿ. ಇದೇ ಔಷಧಿ ಒಂದು ಮಿ.ಲೀ.ಗೆ 50 ಮಿ.ಗ್ರಾಂ ಇರುವ ಬಾಟಲಿಯಲ್ಲೂ ಸಿಗುತ್ತದೆ. ಹಳೆಯ ಚೀಟಿ ನೋಡಿ ಅಷ್ಟೇ ಮಿ.ಲೀ. ಹಾಕಿಸಿದರೆ ಕರುವಿಗೆ ಕಾಲುಭಾಗ ಔಷಧಿಯಷ್ಟೇ ಹೋಗುತ್ತದೆ, ಹೋದದ್ದು ಮೂರು ದಿನ ನಿಲ್ಲುವುದೂ ಇಲ್ಲ. ಜ್ವರ ಮತ್ತು ಉರಿಯೂತಕ್ಕೆ ಮೆಲಾಕ್ಸಿಕ್ಯಾಮ್, ಕೆ.ಜಿ.ಗೆ ಅರ್ಧ ಮಿ.ಗ್ರಾಂ. ಒಟ್ಟು 21 ಮಿ.ಗ್ರಾಂ, ಮಿ.ಲೀ.ಗೆ 5 ಮಿ.ಗ್ರಾಂ ಇರುವ ಔಷಧಿಯಲ್ಲಿ ಅದೂ 4.2 ಮಿ.ಲೀ. ಭೇದಿಯಾಗಿ ಕಣ್ಣು ಗುಳಿಬಿದ್ದ ಕರುವಿಗೆ ನೀರಿನಂಶ ತುಂಬದೆ ಇದನ್ನು ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. (ಹಳೆಯ ಡೈಕ್ಲೋಫೆನಾಕ್ ಬಾಟಲಿ ಮನೆಯಲ್ಲಿದ್ದರೆ ಎಸೆಯಿರಿ. ರಣಹದ್ದುಗಳ ಸಾವಿಗೆ ಕಾರಣವೆಂದು 2006ರಲ್ಲೇ ಜಾನುವಾರುಗಳಿಗೆ ಅದರ ಬಳಕೆ ನಿಂತಿದೆ.)

ಈ ಲೆಕ್ಕ ಕೊಟ್ಟಿರುವುದು ಮನೆಯಲ್ಲೇ ಚುಚ್ಚಲಿಕ್ಕಲ್ಲ, ಕರುವಿನ ತೂಕವನ್ನು ಸರಿಯಾಗಿ ಹೇಳುವುದು ಯಾಕೆ ಮುಖ್ಯ ಎಂದು ತಿಳಿಯಲು. ಮೂವತ್ತು ಕೆ.ಜಿ. ಎಂದು ಅಂದಾಜಿಸಿ ಹೇಳಿದ್ದರೆ ಈ ಕರುವಿಗೆ ಬೇಕಾದ್ದರಲ್ಲಿ ಮುಕ್ಕಾಲುಭಾಗವೂ ಹೋಗುತ್ತಿರಲಿಲ್ಲ. ಕರುವನ್ನು ಎತ್ತಿಕೊಂಡು ಒಬ್ಬರು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಮ್ಮ ತೂಕ ಕಳೆದರೆ ಸಾಕು.

ಎರಡನೇ ದಿನ ಬೆಳಿಗ್ಗೆ ಜ್ವರ 102.4, ಕರು ಹಾಲನ್ನೆಲ್ಲ ಕುಡಿಯಿತು. ಎಡವುವುದು ಇಲ್ಲೇ. ಜ್ವರ ಇಳಿಸಿದ್ದು ಮೆಲಾಕ್ಸಿಕ್ಯಾಮ್ ಇರಬಹುದು, ಸೋಂಕು ಇನ್ನೂ ಅಲ್ಲೇ ಇರಬಹುದು. ಉಸಿರು ಎಣಿಸಿದರೆ 50. ಅಂದರೆ ಒಳಗಿನ ಕೆಲಸ ಮುಗಿದಿಲ್ಲ, ಬಿಸಿಲಿಗೆ ಕುಣಿಯಲು ಬಿಡಬಾರದು. ಮೂರನೇ ದಿನ, 48 ಗಂಟೆಗೆ, ಜ್ವರ 102.6, ಉಸಿರು 42. ಔಷಧಿ ಹಿಡಿದಿದೆ. ಇದೇ ಹೊತ್ತಿಗೆ ಜ್ವರ ಮತ್ತೆ 104ಕ್ಕೆ ಏರಿದ್ದರೆ ಅಥವಾ ಉಸಿರು 58ರಲ್ಲೇ ನಿಂತಿದ್ದರೆ ಔಷಧಿ ಬದಲಿಸಲು ವೈದ್ಯರನ್ನು ಮತ್ತೆ ಕರೆಯಬೇಕಿತ್ತು. ಈ ಕಾಯಿಲೆಯ ಹಿಂದೆ ಪಾಶ್ಚುರೆಲ್ಲಾ, ಮ್ಯಾನ್‌ಹೈಮಿಯಾ, ಮೈಕೋಪ್ಲಾಸ್ಮಾ ಹೀಗೆ ಹಲವು ಸೂಕ್ಷ್ಮಾಣುಗಳಿರುತ್ತವೆ, ಎಲ್ಲಕ್ಕೂ ಒಂದೇ ಔಷಧಿ ನಾಟುವುದಿಲ್ಲ. ನಾಲ್ಕನೇ ದಿನ, 72 ಗಂಟೆಗೆ, ವೈದ್ಯರು ಹೇಳಿದಂತೆ ಎರಡನೇ ಡೋಸು, ಕತ್ತಿನ ಇನ್ನೊಂದು ಬದಿಗೆ. "ಹುಷಾರಾಯ್ತಲ್ಲ" ಎಂದು ಈ ಎರಡನೆಯದನ್ನು ಬಿಟ್ಟ ಕರುಗಳೇ ವಾರ ಹತ್ತು ದಿನದ ಮೇಲೆ ಮತ್ತೆ ಮಲಗುವುದು. ಮರುಕಳಿಸಿದ ನ್ಯುಮೋನಿಯಾಕ್ಕೆ ಮೊದಲಿನಷ್ಟು ಚೆನ್ನಾಗಿ ಔಷಧಿ ತಾಗುವುದಿಲ್ಲ.

ಕುರಿಮರಿಯಲ್ಲಿ ಬೇರೆ ಏನು

ಕುಶಾಲನಗರ, ಶನಿವಾರಸಂತೆ ಕಡೆ ಕುರಿ ಸಾಕುವವರಿಗೆ ಒಂದೊಂದೇ ಮರಿಯ ಉಸಿರು ಎಣಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಬದಲು ಬೆಳಿಗ್ಗೆ ಹಟ್ಟಿಯಿಂದ ಬಿಟ್ಟಾಗ ಮಂದೆಯನ್ನು ನೂರು ಹೆಜ್ಜೆ ಮೆಲ್ಲಗೆ ಅಟ್ಟಿ ನಿಲ್ಲಿಸಿ. ಹಿಂದೆ ಬಿದ್ದ ಮರಿ, ನಿಂತ ಕೂಡಲೇ ಕೆಮ್ಮುವ ಮರಿ, ತಾಯಿ ಕೂಗಿದರೂ ಓಡದ ಮರಿ, ಇವಿಷ್ಟನ್ನು ಬೇರೆ ಮಾಡಿ ಅಳೆದರೆ ಸಾಕು. ಹಿಡಿಯುವ ಮುಂಚೆ ಉಸಿರು ಎಣಿಸಿ. ತಂಪಿನಲ್ಲಿ 60 ದಾಟಿದರೆ ಅನುಮಾನ. ಸಂತೆಯಿಂದ ತಂದ ಮರಿಗಳನ್ನು ಮೊದಲ ಎರಡು ವಾರ ಪ್ರತಿದಿನ ಹೀಗೆ ನೋಡಬೇಕು. ಲಾರಿಯ ಗಾಳಿ, ಬೇರೆ ಮಂದೆಯ ರೋಗಾಣು, ಹೊಸ ಜಾಗದ ಚಳಿ ಮೂರೂ ಅವುಗಳ ಮೇಲೆ ಒಟ್ಟಿಗೆ ಬಿದ್ದಿರುತ್ತವೆ.

ಹತ್ತು ಕೆ.ಜಿ. ಮರಿಗೆ ಮೇಲಿನ ಲೆಕ್ಕದಲ್ಲಿ ಒಂದೇ ಮಿ.ಲೀ. ಔಷಧಿ. ತೂಗುವ ತಕ್ಕಡಿಗೆ ಗೋಣಿ ಕಟ್ಟಿ ತೂಗಿ, ಕಣ್ಣಳತೆ ಬೇಡ. ತೊಡೆಗೆ ಚುಚ್ಚಿದರೆ ನರಕ್ಕೆ ತಾಗಿ ಕಾಲು ಎಳೆಯುವ ಸಾಧ್ಯತೆಯಿದೆ, ಕತ್ತಿಗೇ ಕೊಡಿಸಿ.

ಮೂಲ ದೋಷ: ಮುಚ್ಚಿದ ಕೊಟ್ಟಿಗೆ

ಮೊದಲ ಕರು ಚೇತರಿಸಿಕೊಳ್ಳುವ ಹೊತ್ತಿಗೆ ಎರಡನೆಯದು ಮಲಗಿದರೆ ದೋಷ ಕೊಟ್ಟಿಗೆಯಲ್ಲಿದೆ. ಚಳಿ ಬಂತೆಂದು ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಟಾರ್ಪಾಲು ಇಳಿಬಿಡುವುದು ಇಲ್ಲಿನ ವಾಡಿಕೆ. ಒಳಗೆ ಬೆಚ್ಚಗೇನೋ ಆಗುತ್ತದೆ. ಆದರೆ ದನಗಳ ಉಸಿರಿನ ಆವಿ ಹೊರಹೋಗದೆ ತಗಡಿಗೆ ತಾಗಿ ನೀರಾಗಿ ಕರುಗಳ ಬೆನ್ನ ಮೇಲೆ ತೊಟ್ಟಿಕ್ಕುತ್ತದೆ. ಗಂಜಲದ ಘಾಟು ಒಳಗೇ ಕಟ್ಟಿಕೊಳ್ಳುತ್ತದೆ. ಗಾಳಿಕೊಳವೆಯ ಒಳಗೋಡೆಯ ಸೂಕ್ಷ್ಮ ಕೂದಲುಗಳು ರೋಗಾಣುಗಳನ್ನು ಕಫದ ಜೊತೆ ಮೇಲಕ್ಕೆ ತಳ್ಳುತ್ತಿರುತ್ತವೆ. ಆ ಘಾಟು ಅವನ್ನು ಜಡಗೊಳಿಸುತ್ತದೆ. ಸೊಳ್ಳೆಗೆಂದು ರಾತ್ರಿ ಹಾಕುವ ಹೊಗೆಯ ಕೆಲಸವೂ ಇದೇ.

ಪರೀಕ್ಷೆ ಸುಲಭ. ಬೆಳಿಗ್ಗೆ ಟಾರ್ಪಾಲು ತೆಗೆಯುವ ಮುಂಚೆ ಒಳಗೆ ಹೋಗಿ ಕರುವಿನ ಮೂಗಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ ಗಾಳಿ ಕೆಟ್ಟಿದೆ. ಆಮೇಲೆ ಹಾಸಿನ ಮೇಲೆ ಮಂಡಿಯೂರಿ ಇಪ್ಪತ್ತು ಎಣಿಸಿ ಏಳಿ. ಮಂಡಿ ಒದ್ದೆಯಾದರೆ ಹಾಸು ಬದಲಿಸಬೇಕು. ಹಸಿ ಸೊಪ್ಪು ಹಾಸುವುದು ಗೊಬ್ಬರಕ್ಕೆ ಒಳ್ಳೆಯದಿರಬಹುದು, ಈ ತಿಂಗಳುಗಳಲ್ಲಿ ಕರುವಿನ ಮೂಲೆಗೆ ಬೇಡ. ಒಣ ಭತ್ತದ ಹುಲ್ಲನ್ನು ಮಲಗಿದ ಕರುವಿನ ಕಾಲು ಮುಚ್ಚುವಷ್ಟು ದಪ್ಪ ಹಾಕಿ. ಕಾಫಿ ಸಿಪ್ಪೆಯ ಧೂಳು ಎಳೆ ಕರುವಿನ ಮೂಗಿಗೆ ಆಗದು.

ಟಾರ್ಪಾಲನ್ನು ನೆಲದಿಂದ ನಾಲ್ಕಡಿ ಎತ್ತರದವರೆಗೆ ಮಾತ್ರ ಕಟ್ಟಿ, ಸೂರಿನ ಕೆಳಗೆ ಎದುರುಬದುರು ಎರಡೂ ಕಡೆ ಒಂದಡಿ ಬಿಡಿ. ಮಲಗಿದ ಕರುವಿಗೆ ಗಾಳಿ ತಾಗುವುದಿಲ್ಲ, ಆವಿ ಮೇಲಿನಿಂದ ಹೊರಹೋಗುತ್ತದೆ. ಇಳಿಜಾರಿನ ಬುಡದಲ್ಲಿ, ಗದ್ದೆಯ ಅಂಚಿಗಿರುವ ಕೊಟ್ಟಿಗೆಗೆ ರಾತ್ರಿಯ ತಣ್ಣನೆ ಗಾಳಿ ಹರಿದು ಬಂದು ನಿಲ್ಲುವುದರಿಂದ ಗುಡ್ಡದ ಕಡೆಯ ಕೆಳಭಾಗವನ್ನು ಗಟ್ಟಿಯಾಗಿ ಮುಚ್ಚಿ. ಮೂರು ವಾರದೊಳಗಿನ ಕರುವಿಗೆ ಹೊರಗಿನ ಶಾಖ 15 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಮೈ ಬೆಚ್ಚಗಿಡಲೇ ಹಾಲು ಖರ್ಚಾಗುತ್ತದೆ. ಮಡಿಕೇರಿಯ ಚಳಿಗಾಲದ ಎಷ್ಟೋ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ. ದಿನಕ್ಕೆ ಮೂರು ಲೀಟರ್ ಕುಡಿಯುವ ಕರುವಿಗೆ ಮಲಗುವ ಹೊತ್ತಿಗೆ ಅರ್ಧದಿಂದ ಒಂದು ಲೀಟರ್ ಹೆಚ್ಚು ಕೊಡಿ. ಹುಟ್ಟಿದ ಆರು ಗಂಟೆಯೊಳಗೆ ತೂಕದ ಹತ್ತನೇ ಒಂದು ಭಾಗ ಗಿಣ್ಣುಹಾಲು ಸಿಗದ ಕರುವಿಗೆ ಇದಿಷ್ಟನ್ನೂ ಮಾಡಿದರೂ ಅಪಾಯ ಉಳಿದೇ ಇರುತ್ತದೆ. ಅಂಥದ್ದನ್ನು ಚಳಿಗಾಲವಿಡೀ ಬೆಳಿಗ್ಗೆ ಮೊದಲು ಎಣಿಸಿ.

ವಾಸಿಯಾದ ಕರುವನ್ನು ಉಳಿದವುಗಳ ಜೊತೆ ಬಿಡುವುದು ಕೊನೆಯ ಡೋಸಾಗಿ ಐದು ದಿನ ಜ್ವರವಿಲ್ಲದೆ, ಬೆಳಗಿನ ಉಸಿರು 40ರೊಳಗೆ ನಿಂತ ಮೇಲೆ. ಆಮೇಲೂ ಎರಡು ವಾರ ದಿನ ಬಿಟ್ಟು ದಿನ ಅಳೆದು, ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಕೆಳಗೆ ಎರಡೂ ಅಂಕಿ ಬರೆದಿಡಿ.